ಜೂನ್ 12ರಿಂದ ಹಿಂದಕ್ಕೆ ಎಣಿಸಿದ ಮೂರು ತಿಂಗಳು

2024ರ ಮಾರ್ಚ್ ಮೂರನೇ ವಾರ. ಒಂದು ಖಾಸಗಿ ಡೇರಿಯ ಆಫೀಸಿನಲ್ಲಿ ಕೂತಿದ್ದೆ. ಎದುರಿಗೆ ಹಾಲು ಸಂಗ್ರಹಣೆ ನೋಡಿಕೊಳ್ಳುವ ಮ್ಯಾನೇಜರ್. ನಾನು ಕೊಟ್ಟ ಹಾಳೆಯಲ್ಲಿ ಮೂರು ದಿನಾಂಕ ಇದ್ದವು: ಏಪ್ರಿಲ್ 30, ಮೇ 30, ಜೂನ್ 29. ಪೈಲಟ್ ಏಪ್ರಿಲ್ 1ಕ್ಕೆ ಶುರು. ಮೂವತ್ತು ದಿನಕ್ಕೊಮ್ಮೆ ರಿವ್ಯೂ, ತೊಂಬತ್ತನೇ ದಿನ ತೀರ್ಮಾನ. ಅವರು ಹಾಳೆ ನೋಡಿ, ಮೇಜಿನ ಮೇಲಿದ್ದ ಕ್ಯಾಲೆಂಡರ್ ನನ್ನ ಕಡೆ ತಿರುಗಿಸಿದರು. ಪ್ರತಿ ತಿಂಗಳ 1 ಮತ್ತು 16ಕ್ಕೆ ಕೆಂಪು ಸುತ್ತು.

"ಇವು ರೈತರ ಬಿಲ್ ದಿನಗಳು. ಹದಿನೈದು ದಿನಕ್ಕೊಮ್ಮೆ ದುಡ್ಡು ಹಾಕ್ಬೇಕು. ಹಿಂದಿನ ದಿನದಿಂದ ಮೂರು ದಿನ ನನ್ನನ್ನ ಯಾರೂ ಮಾತಾಡ್ಸಕ್ಕಾಗಲ್ಲ. ನೀವು ಹಾಕಿರೋ ಮೂರೂ ದಿನ ಬಿಲ್ ಬಾಗಿಲಲ್ಲೇ ಇದಾವೆ ನೋಡಿ," ಅಂದರು.

ಆ ಹಾಳೆಯನ್ನು ಅಲ್ಲೇ ಮಡಚಿಟ್ಟೆ. ಅವರ ಕ್ಯಾಲೆಂಡರ್ ಮುಂದಿಟ್ಟುಕೊಂಡು ಹೊಸದಾಗಿ ಬರೆಯೋಕೆ ಕೂತೆವು. ಆ ಮಧ್ಯಾಹ್ನ ಬರೆದದ್ದು ಮುಂದಿನ ಮೂರೂವರೆ ತಿಂಗಳು ನಮ್ಮನ್ನು ನಡೆಸಿತು. ಈ ಬರಹ ಅದರ ಬಗ್ಗೆ.

ಮೊದಲು ಕೆಲಸ ಏನು ಅಂತ ಹೇಳಿಬಿಡ್ತೀನಿ. ಹಳ್ಳಿಗಳಲ್ಲಿ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕ್ ಇರುತ್ತೆ, ಬಿಎಂಸಿ ಅಂತಾರೆ. ಕರೆದ ಹಾಲು ಬಿಸಿಯಾಗೇ ಬರುತ್ತೆ. ಅದು ಬೇಗ 4 ಡಿಗ್ರಿ ಹತ್ತಿರಕ್ಕೆ ಇಳಿಯಬೇಕು. ತಡವಾದಷ್ಟೂ ಬ್ಯಾಕ್ಟೀರಿಯಾ ಹೆಚ್ಚುತ್ತೆ, ಹಾಲು ಡೇರಿಗೆ ಬರೋ ಹೊತ್ತಿಗೆ ಕೆಟ್ಟಿರುತ್ತೆ. ನಾವು ನಾಲ್ಕು ಜನ ಸೇರಿ ಒಂದು ಚಿಕ್ಕ ಪೆಟ್ಟಿಗೆ ಮಾಡಿದ್ದೇವೆ. ಅದು ಟ್ಯಾಂಕಿನ ತಾಪ ನೋಡುತ್ತೆ, ಕಂಪ್ರೆಸರ್‌ಗೆ ಕರೆಂಟ್ ಹೋಗ್ತಿದೆಯಾ ನೋಡುತ್ತೆ. ಏನಾದರೂ ಎಡವಟ್ಟಾದರೆ ಕೇಂದ್ರ ನೋಡಿಕೊಳ್ಳುವವರಿಗೆ ಫೋನ್ ಮಾಡುತ್ತೆ. ಈ ಡೇರಿಗೆ ಅಂಥ ಕೇಂದ್ರಗಳು 40. ಮೂರು ತಿಂಗಳು 8 ಕೇಂದ್ರಗಳಲ್ಲಿ ಹಾಕಿ ನೋಡೋದು, ಆಮೇಲೆ 40ಕ್ಕೂ ಬೇಕಾ ಬೇಡವಾ ಅಂತ ತೀರ್ಮಾನಿಸೋದು. ಇಷ್ಟೇ ಮಾತು.

ಇದಕ್ಕೂ ಹಿಂದಿನ ವರ್ಷ ಬೇರೊಂದು ಕಡೆ ಇದೇ ಪೆಟ್ಟಿಗೆಯ ಪೈಲಟ್ ಮಾಡಿದ್ದೆವು. ಅಲ್ಲಿ "ಮೂರು ತಿಂಗಳು ನೋಡೋಣ" ಅನ್ನೋದು ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ಮೂರು ತಿಂಗಳಾಯಿತು. "ಚೆನ್ನಾಗಿದೆ, ಇನ್ನೊಂದು ತಿಂಗಳು ನೋಡೋಣ" ಅಂದರು. ಹಾಗೇ ಏಳು ತಿಂಗಳಾಯಿತು. ಅಷ್ಟರಲ್ಲಿ ನಮ್ಮ ಜೊತೆ ಓಡಾಡುತ್ತಿದ್ದ ಮ್ಯಾನೇಜರ್ ಬೇರೆ ಕಡೆ ಹೋದರು. ಹೊಸಬರು ಬಂದು "ಇದು ಯಾರದು?" ಅಂತ ಕೇಳಿದರು. ಪೆಟ್ಟಿಗೆ ಕೆಟ್ಟಿರಲಿಲ್ಲ. ಅವರೂ ಮೋಸ ಮಾಡಿರಲಿಲ್ಲ. ಯಾವ ದಿನ, ಯಾರು, ಏನು ನೋಡಿ ಹೂಂ ಅಥವಾ ಉಹೂಂ ಅನ್ನಬೇಕು ಅನ್ನೋದೇ ಇರಲಿಲ್ಲ. ಹಾಗಾಗಿ ಯಾರೂ ಏನೂ ಅನ್ನಲಿಲ್ಲ. ಏಳು ತಿಂಗಳ ಸಿಮ್ ದುಡ್ಡು, ಡೀಸೆಲ್, ಓಡಾಟ ಎಲ್ಲಾ ನಮ್ಮ ಕೈಯಿಂದ ಹೋಯಿತು. ಅದು ನನಗೆ ತುಂಬಾ ನೋವು ಕೊಟ್ಟಿತ್ತು. ಅದಕ್ಕೇ ಈ ಸಲ ಕ್ಯಾಲೆಂಡರ್ ಮುಂದೆ ಪಟ್ಟಾಗಿ ಕೂತೆ.

ಮ್ಯಾನೇಜರ್‌ಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು: "ಸರ್, 40 ಕೇಂದ್ರಕ್ಕೆ ಆರ್ಡರ್ ಕೊಡೋ ಕಾಗದಕ್ಕೆ ಸೈನ್ ಯಾರದು? ಅವರು ಯಾವತ್ತು ಹಾಕ್ತಾರೆ?"

ಸೈನ್ ಯಜಮಾನರದು. ದೊಡ್ಡ ಖರೀದಿಗಳನ್ನೆಲ್ಲಾ ತಿಂಗಳಿಗೊಂದು ಸಭೆಯಲ್ಲಿ ನೋಡುತ್ತಾರೆ. ಜೂನ್ ತಿಂಗಳ ಸಭೆ 20ಕ್ಕೆ, ಗುರುವಾರ. ನನ್ನ ಹಳೇ ಹಾಳೆಯಂತೆ ಜೂನ್ 29ಕ್ಕೆ ರಿವ್ಯೂ ಮಾಡಿದ್ದರೆ ಆ ಸಭೆ ಕೈತಪ್ಪುತ್ತಿತ್ತು. ಮುಂದಿನದು ಜುಲೈ 20ಕ್ಕೆ. ಅಲ್ಲಿಯವರೆಗೆ ಪೈಲಟ್ ಮುಗಿದಿದೆಯಾ, ನಡೀತಿದೆಯಾ ಅಂತ ಯಾರಿಗೂ ಗೊತ್ತಿರುತ್ತಿರಲಿಲ್ಲ. ಹಿಂದಿನ ಸಲ ಆದದ್ದು ಇದೇ.

ಹಾಗಾಗಿ ಹಿಂದಿನಿಂದ ಎಣಿಸಿದೆವು. ಸಭೆ ಜೂನ್ 20. ಸಭೆಗೆ ಹೋಗುವ ಕಾಗದ ಒಂದು ವಾರ ಮೊದಲೇ ಸಿದ್ಧ ಇರಬೇಕು. ಅಂದರೆ ತೀರ್ಮಾನದ ರಿವ್ಯೂ ಜೂನ್ 12, ಬುಧವಾರ. ಅವತ್ತು ಹೊಸ ಅಂಕಿ ಮೇಜಿನ ಮೇಲೆ ಬೀಳಬಾರದು. ಎಲ್ಲರೂ ಓದಿಕೊಂಡೇ ಬರಬೇಕು. ಅದಕ್ಕೆ ಜೂನ್ 9ರ ಭಾನುವಾರ ಸಂಜೆಯ ಹಾಲಿಗೆ ಲೆಕ್ಕ ನಿಲ್ಲಿಸುವುದು, 10ಕ್ಕೆ ವರದಿ ಅವರ ಕೈಗೆ. ಅಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ಮೂರು ತಿಂಗಳ ಪೈಲಟ್ ಅಂದರೂ ತೀರ್ಮಾನಕ್ಕೆ ಸಿಗುವುದು ಹತ್ತೇ ವಾರದ ಹಾಲು. ಅದರಲ್ಲೂ ಮೊದಲ ಎರಡು ವಾರ ಪೆಟ್ಟಿಗೆ ಕೂರಿಸೋಕೆ, ಸರಿಮಾಡೋಕೆ ಹೋಗುತ್ತೆ. ನಿಜವಾಗಿ ಉಳಿಯೋದು ಎಂಟು ವಾರ.

ಜೂನ್ 12ರಿಂದ 30ರವರೆಗಿನ ಹದಿನೆಂಟು ದಿನ ದಂಡ ಅಲ್ಲ. ಹೂಂ ಅಂದರೆ ಉಳಿದ 32 ಕೇಂದ್ರಗಳಿಗೆ ಸಾಮಾನು ತರಿಸೋಕೆ ನಮಗೆ ಸಮಯ ಬೇಕು. ಉಹೂಂ ಅಂದರೆ ಎಲ್ಲಾ ಬಿಚ್ಚಿ ತರೋಕೆ ಒಂದು ವಾರ ಬೇಕು. ಎರಡಕ್ಕೂ ಜಾಗ ಇರಬೇಕು ಅಲ್ವಾ?

ಆಮೇಲೆ ನಡುವಿನ ದಿನಗಳು. ಮೊದಲ ರಿವ್ಯೂ ಏಪ್ರಿಲ್ 12, ಶುಕ್ರವಾರ. ಯುಗಾದಿ 9ಕ್ಕೆ, ರಂಜಾನ್ 11ಕ್ಕೆ. ಎರಡೂ ಕಳೆದ ಮೇಲೆ, ಬಿಲ್ಲಿನ ಗಲಾಟೆ ಶುರುವಾಗೋಕೆ ಮೊದಲು. ಎರಡನೇದನ್ನು ಮೇ 10 ಅಂದುಕೊಂಡೆವು, ಅವತ್ತು ಬಸವ ಜಯಂತಿ. ಮೇ 9 ಅಂತ ಬರೆದೆವು. ಅದೂ ಅಲ್ಲದೆ ಏಪ್ರಿಲ್ 26ಕ್ಕೆ ನಮ್ಮ ಭಾಗದಲ್ಲಿ ಲೋಕಸಭೆ ಚುನಾವಣೆಯ ಮತದಾನ. ಅವತ್ತಿನ ಲೆಕ್ಕ ಹಿಡಿಯೋದಾ ಬಿಡೋದಾ ಅಂತ ಕೂಡ ಮಾರ್ಚ್‌ನಲ್ಲೇ ಮಾತಾಡಿದೆವು. ಹಿಡಿಯೋಣ ಅಂತಾಯಿತು. ಹಸು ಅವತ್ತೂ ಹಾಲು ಕೊಡುತ್ತೆ, ಟ್ಯಾಂಕ್ ಅವತ್ತೂ ತಂಪಾಗಬೇಕು.

ದಿನಾಂಕ ಕೂರಿಸೋಕೆ ಒಂದು ಗಂಟೆ ಹಿಡಿಯಿತು. ಯಾವುದನ್ನು ನೋಡಿ ತೀರ್ಮಾನಿಸೋದು ಅನ್ನೋದಕ್ಕೆ ಎರಡು ದಿನ ಬೇಕಾಯಿತು.

ಕೇಂದ್ರದ ರಿಜಿಸ್ಟರ್ ತರಿಸಿ ನೋಡಿದೆವು. ತಾಪದ ಕಾಲಂನಲ್ಲಿ ಬೆಳಿಗ್ಗೆ 4, ಸಂಜೆ 4, ಮಾರನೇ ದಿನ ಬೆಳಿಗ್ಗೆ 4. ಪುಟ ತಿರುಗಿಸಿದರೂ 4. ಕೇಂದ್ರದವರ ಮೇಲೆ ತಪ್ಪು ಹೊರಿಸಲ್ಲ. ಸಾಲಲ್ಲಿ ನಲವತ್ತು ಜನ ಕ್ಯಾನ್ ಹಿಡಿದು ನಿಂತಿರುತ್ತಾರೆ. ಅಳತೆ, ಫ್ಯಾಟ್, ಚೀಟಿ ಎಲ್ಲಾ ಒಬ್ಬರೇ ನೋಡಬೇಕು. ಆದರೆ ಆ ರಿಜಿಸ್ಟರ್ ಇಟ್ಟುಕೊಂಡು "ಮೊದಲು ಹೀಗಿತ್ತು, ಈಗ ಹೀಗಾಯಿತು" ಅನ್ನೋಕಾಗಲ್ಲ. ಮೊದಲು ಹೇಗಿತ್ತು ಅನ್ನೋದೇ ಗೊತ್ತಿಲ್ಲ.

ಇನ್ನೊಂದು ತೊಡಕು ಮಳೆ. ಏಪ್ರಿಲ್ ಉರಿ ಬಿಸಿಲು. ಜೂನ್ ಹೊತ್ತಿಗೆ ಮುಂಗಾರು ಬರುತ್ತೆ, ಗಾಳಿ ತಂಪಾಗುತ್ತೆ, ಕಂಪ್ರೆಸರ್‌ಗೆ ಹೊರೆ ಇಳಿಯುತ್ತೆ. ಏಪ್ರಿಲ್‌ಗೂ ಜೂನ್‌ಗೂ ಹೋಲಿಸಿದರೆ ನಮ್ಮ ಪೆಟ್ಟಿಗೆ ಇರಲಿ ಇಲ್ಲದಿರಲಿ ಜೂನೇ ಗೆಲ್ಲುತ್ತೆ. ಮಳೆ ಮಾಡಿದ ಕೆಲಸಕ್ಕೆ ನಾನು ದುಡ್ಡು ತಗೊಂಡ ಹಾಗಾಗುತ್ತೆ. ಆ ವರ್ಷ ಹಾಗೇ ಆಯಿತು ಕೂಡ. ಏಪ್ರಿಲ್ ಕೊನೆಗೆ ಬೆಂಗಳೂರಲ್ಲೇ 38 ಡಿಗ್ರಿ ದಾಟಿತ್ತು. ಮೇ 30ಕ್ಕೆ ಮುಂಗಾರು ಕೇರಳಕ್ಕೆ ಬಂತು, ಜೂನ್ ಮೊದಲ ವಾರ ಇಲ್ಲೂ ಮೋಡ.

ಅದಕ್ಕೇ ಹೋಲಿಕೆಗೆ ಬೇರೆ ನಾಲ್ಕು ಕೇಂದ್ರ ಬೇಕು ಅಂದೆ. ಅಲ್ಲೂ ಪೆಟ್ಟಿಗೆ ಇರುತ್ತೆ. ತಾಪ ಬರೆದುಕೊಳ್ಳುತ್ತೆ, ಆದರೆ ಯಾರಿಗೂ ಫೋನ್ ಮಾಡಲ್ಲ. ಮ್ಯಾನೇಜರ್ ಒಪ್ಪಿದರು. ಆದರೆ ಫೋನ್ ಬರುವ 8 ಕೇಂದ್ರಗಳನ್ನು ತಾವೇ ಆರಿಸುತ್ತೇನೆ ಅಂದರು, "ಒಳ್ಳೇ ಹುಡುಗ್ರಿರೋ ಕಡೆ ಹಾಕೋಣ, ನಿಮಗೂ ಒಳ್ಳೇದು." ಪ್ರೀತಿಯಿಂದಲೇ ಹೇಳಿದ್ದು. ಒಳ್ಳೇ ಹುಡುಗರಿರುವ ಕಡೆ ಪೆಟ್ಟಿಗೆ ಇಲ್ಲದೆಯೂ ಹಾಲು ತಣ್ಣಗಿರುತ್ತೆ, ಆಗ ಗೆದ್ದರೂ ನಿಮ್ಮ ಯಜಮಾನರು ನಂಬಲ್ಲ ಅಂದೆ. ಒಂದೇ ಅಳತೆಯ ಟ್ಯಾಂಕ್, ಒಂದೇ ಥರದ ಜನರೇಟರ್ ಇರುವ 12 ಊರು ಗುರುತು ಮಾಡಿದೆವು. ಹೆಸರು ಬರೆದು ಚೀಟಿ ಮಡಚಿ ಸ್ಟೀಲ್ ಡಬ್ಬಿಗೆ ಹಾಕಿದೆವು. ಟೀ ತಂದ ಹುಡುಗ ನಾಲ್ಕು ಚೀಟಿ ಎತ್ತಿಕೊಟ್ಟ. ಆ ನಾಲ್ಕು ಹೋಲಿಕೆಗೆ, ಉಳಿದ ಎಂಟು ಪೈಲಟ್‌ಗೆ.

ತೀರ್ಪಿಗೆ ಒಂದೇ ಒಂದು ಅಂಕಿ ಸಾಕು ಅಂತ ನನ್ನ ಹಟ. ಅದು ಹೀಗೆ ರೂಪ ಪಡೆಯಿತು: ಕೊನೆಯ ರೈತರ ಚೀಟಿ ಮುದ್ರಣ ಆದ ಸಮಯದಿಂದ ಎರಡು ಗಂಟೆಯೊಳಗೆ ಟ್ಯಾಂಕ್ 5 ಡಿಗ್ರಿಗಿಂತ ಕೆಳಗೆ ಬಂತಾ, ಇಲ್ಲವಾ? ಬಂದರೆ ಆ ಹೊತ್ತು ಪಾಸ್. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಚೀಟಿ ಸಮಯ ಯಂತ್ರದಲ್ಲೇ ಇರುತ್ತೆ. ತಾಪ ಪೆಟ್ಟಿಗೆಯಲ್ಲಿರುತ್ತೆ. ಯಾರ ಅನಿಸಿಕೆಯೂ ನಡುವೆ ಬರಲ್ಲ.

ಹಾಲಿನ ಗುಣಮಟ್ಟವನ್ನೇ ಯಾಕೆ ಅಳೀಬಾರದು ಅಂತ ಲ್ಯಾಬ್ ಮೇಡಂ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ಲ್ಯಾಬಿನಲ್ಲಿ ಎಂಬಿಆರ್‌ಟಿ ಮಾಡುತ್ತಾರೆ. 10 ಎಂಎಲ್ ಹಾಲಿಗೆ 1 ಎಂಎಲ್ ಮೆಥಿಲೀನ್ ಬ್ಲೂ ಹಾಕಿ 37 ಡಿಗ್ರಿ ನೀರಲ್ಲಿ ಇಡೋದು. ನೀಲಿ ಬಣ್ಣ ಎಷ್ಟು ಹೊತ್ತಿಗೆ ಹೋಗುತ್ತೆ ಅಂತ ನೋಡೋದು. ತಡವಾಗಿ ಹೋದಷ್ಟೂ ಹಾಲು ಒಳ್ಳೇದು. ಆದರೆ ಅದರ ಮೇಲೆ ಹಸುವಿನ ಕೆಚ್ಚಲು, ಕ್ಯಾನ್ ತೊಳೆದ ನೀರು, ಟ್ಯಾಂಕರ್ ಕಾದ ಹೊತ್ತು ಎಲ್ಲದರ ಪ್ರಭಾವ ಇರುತ್ತೆ. ನಮ್ಮ ಪೆಟ್ಟಿಗೆ ಅದನ್ನೆಲ್ಲಾ ಸರಿಮಾಡಲ್ಲ. ಹಾಗಾಗಿ ಅದು ನೋಡುವ ಅಂಕಿಯಾಗಿ ಇರಲಿ, ತೀರ್ಪಿನ ಅಂಕಿ ಬೇಡ ಅಂತಾಯಿತು. ಮೇಡಂ ಅರೆಮನಸ್ಸಿಂದಲೇ ಒಪ್ಪಿದರು.

ಗೆರೆ ಎಲ್ಲಿ ಎಳೆಯೋದು? ಇದನ್ನು ಯಜಮಾನರ ಮುಂದೆ ಕೂತೇ ಮಾಡಿದೆವು. ಹಾಳೆಯಲ್ಲಿ ಕೊನೆಗೆ ಉಳಿದ ಮಾತುಗಳು ಇವು:

> ಎಂಟು ಕೇಂದ್ರಗಳಲ್ಲಿ ನೂರಕ್ಕೆ 90 ಅಥವಾ ಹೆಚ್ಚು ಹೊತ್ತು ಪಾಸಾಗಿ, ಹೋಲಿಕೆಯ ನಾಲ್ಕು ಕೇಂದ್ರಗಳಿಗಿಂತ ಕನಿಷ್ಠ 10 ಅಂಕ ಮೇಲಿದ್ದರೆ, 40 ಕೇಂದ್ರಕ್ಕೂ ಆರ್ಡರ್ ಜೂನ್ 20ರ ಸಭೆಗೆ ಹೋಗುತ್ತದೆ.
>
> 80ಕ್ಕಿಂತ ಕಡಿಮೆ, ಅಥವಾ ವ್ಯತ್ಯಾಸ 5 ಅಂಕಕ್ಕಿಂತ ಕಡಿಮೆ ಇದ್ದರೆ, ಜೂನ್ 30ರೊಳಗೆ ಪೆಟ್ಟಿಗೆ ಬಿಚ್ಚುವುದು.
>
> ಇವೆರಡರ ನಡುವೆ ಬಂದರೆ, ಅದೇ ಎಂಟು ಕೇಂದ್ರಗಳಲ್ಲಿ ನಾಲ್ಕು ವಾರ ಮುಂದುವರಿಕೆ, ಒಂದೇ ಸಲ. ಏನು ಬದಲಾಯಿಸಿ ನೋಡುತ್ತೇವೆ ಅನ್ನುವುದನ್ನು ಜೂನ್ 12ರಂದೇ ಬರೆಯಬೇಕು.

ಮೂರನೇ ಸಾಲು ನನಗೆ ಎಲ್ಲಕ್ಕಿಂತ ಮುಖ್ಯ. ಹೂಂ ಮತ್ತು ಉಹೂಂ ಎರಡೇ ಬರೆದರೆ ನಡುವೆ ಬಂದ ಅಂಕಿ ಎಲ್ಲಿ ಹೋಗಬೇಕು ಅಂತ ತಿಳಿಯದೆ ಮತ್ತೆ "ನೋಡೋಣ" ಶುರುವಾಗುತ್ತೆ. ನಡುವಿಗೂ ಒಂದು ಬಾಗಿಲು ಇರಬೇಕು, ಅದಕ್ಕೂ ಚಿಲಕ ಇರಬೇಕು.

ಯಾವ ಹೊತ್ತನ್ನು ಲೆಕ್ಕದಿಂದ ಬಿಡಬಹುದು ಅನ್ನೋದನ್ನೂ ಆಗಲೇ ಬರೆದೆವು. ಎರಡೇ ಕಾರಣ: ಎರಡು ಗಂಟೆ ಮುಗಿಯುವ ಮುಂಚೆಯೇ ಟ್ಯಾಂಕರ್ ಬಂದು ಹಾಲು ಎತ್ತಿದರೆ, ಅಥವಾ ಕಂಪ್ರೆಸರ್ ಪೂರ್ತಿ ಕೆಟ್ಟು ಮೆಕ್ಯಾನಿಕ್ ಕೈಯಲ್ಲಿದ್ದರೆ. ಕರೆಂಟ್ ಹೋಗಿತ್ತು ಅನ್ನೋದು ಕಾರಣ ಅಲ್ಲ. ಕರೆಂಟ್ ಹೋದಾಗ ಕೂಗೋಕೇ ಪೆಟ್ಟಿಗೆ ಇರೋದು.

ಒಂದೊಂದು ರಿವ್ಯೂಗೂ ಒಂದೇ ಪ್ರಶ್ನೆ ಇಟ್ಟೆವು. ಏಪ್ರಿಲ್ 12ರದ್ದು: ಈ ಅಂಕಿ ನಂಬಬಹುದಾ? ಮೇ 9ರದ್ದು: ಫೋನ್ ಬಂದಾಗ ಜನ ಏನಾದರೂ ಮಾಡ್ತಿದಾರಾ? ಜೂನ್ 12ರದ್ದು: ಬೇಕಾ, ಬೇಡವಾ? ಮೊದಲ ಎರಡಕ್ಕೆ ಯಜಮಾನರು ಬರಬೇಕಿಲ್ಲ. ಮೂರನೇದಕ್ಕೆ ಅವರಿಲ್ಲದೆ ಸಭೆಯೇ ಇಲ್ಲ. ಬರೋಕಾಗದಿದ್ದರೆ ಎರಡು ದಿನದೊಳಗೆ ಮುಂದೂಡೋದು, ಆದರೆ ಬೇರೆ ಯಾರನ್ನೂ ಕಳಿಸೋ ಹಾಗಿಲ್ಲ. ಜೂನ್ 12ರ ಬೆಳಿಗ್ಗೆ 11ರಿಂದ 12 ಅಂತ ಮಾರ್ಚ್‌ನಲ್ಲೇ ಅವರ ಡೈರಿಯಲ್ಲಿ ಬರೆಸಿದೆ.

ಏಪ್ರಿಲ್ 12 ಬಂತು. ಅವತ್ತಿನ ನಿಯಮ ಸರಳ. ಹನ್ನೆರಡೂ ಕೇಂದ್ರಗಳಲ್ಲಿ ಲ್ಯಾಬಿನ ಥರ್ಮಾಮೀಟರ್ ಹಿಡಿದು ಮೂರು ಮೂರು ಸಲ ತಾಪ ನೋಡಬೇಕು, ನಮ್ಮ ಪೆಟ್ಟಿಗೆಗೂ ಅದಕ್ಕೂ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂಬತ್ತು ಕಡೆ ಸರಿ ಇತ್ತು. ಮೂರು ಕಡೆ ಇರಲಿಲ್ಲ.

ಒಂದು ಊರಿಗೆ ನಾನೇ ಹೋಗಿ ನೋಡಿದೆ. ಟ್ಯಾಂಕಿನ ಗೋಡೆಯಲ್ಲಿ ಸೆನ್ಸರ್ ಇಳಿಬಿಡೋಕೆ ಬೆರಳು ಗಾತ್ರದ ಕೊಳವೆ ಇರುತ್ತೆ. ಅದರೊಳಗೆ ನಮ್ಮ ಸೆನ್ಸರ್ ತಳ ಮುಟ್ಟದೆ ನಡುವಲ್ಲೇ ನೇತಾಡುತ್ತಿತ್ತು. ಅದು ಅಳೆಯುತ್ತಿದ್ದದ್ದು ಕೊಳವೆಯೊಳಗಿನ ಗಾಳಿಯನ್ನು, ಹಾಲನ್ನಲ್ಲ. ತಳದವರೆಗೆ ತಳ್ಳಿ, ಶಾಖ ದಾಟಿಸುವ ಪೇಸ್ಟ್ ಹಾಕಿದ ಮೇಲೆ ಹತ್ತು ನಿಮಿಷದಲ್ಲಿ ಎರಡೂ ಅಂಕಿ ಒಂದಾದವು. ಇನ್ನೊಂದು ಕಡೆ ತೊಂದರೆ ಬೇರೆ. ಟ್ಯಾಂಕಿನ ತಳದಲ್ಲೇ ತಂಪು ಹುಟ್ಟೋದು. ಕಲಕುವ ರೆಕ್ಕೆ ನಿಂತಿದ್ದರೆ ತಳದ ಹಾಲು ತಣ್ಣಗೆ, ಮೇಲಿನದು ಬೆಚ್ಚಗೆ. ಪೆಟ್ಟಿಗೆ ತಳದ್ದನ್ನೇ ಓದಿ ಪಾಸ್ ಅಂದುಬಿಡುತ್ತಿತ್ತು. ರೆಕ್ಕೆ ತಿರುಗಿದ ಮೇಲಿನ ತಾಪವನ್ನೇ ಲೆಕ್ಕಕ್ಕೆ ಹಿಡಿಯೋ ಹಾಗೆ ಬದಲಾಯಿಸಿದೆವು.

ಅದೇ ದಿನ ಮೇಡಂ ಇನ್ನೊಂದು ವಿಷಯ ತೆಗೆದರು. ಎಂಬಿಆರ್‌ಟಿ ಫಲಿತಾಂಶ ನೋಡ್ತಾ ಇದ್ದರು. ಅವು ಟ್ಯಾಂಕರ್‌ನ ಒಂದೊಂದು ಖಾನೆಯವು. ಒಂದು ಖಾನೆಯಲ್ಲಿ ಎರಡು ಮೂರು ಊರಿನ ಹಾಲು ಸೇರಿರುತ್ತೆ, ಅದರಲ್ಲಿ ಪೈಲಟ್ ಊರೂ ಇರುತ್ತೆ, ಹೊರಗಿನದೂ ಇರುತ್ತೆ. ಯಾವ ಊರಿನದು ಒಳ್ಳೇದು ಅಂತ ಹೇಳೋದು ಹೇಗೆ? ಟ್ಯಾಂಕರ್‌ಗೆ ಹಾಕುವ ಮೊದಲೇ ಒಂದೊಂದು ಬಾಟಲಿ ಹಾಲು ಐಸ್ ಡಬ್ಬಿಯಲ್ಲಿ ತರೋದು ಅಂತಾಯಿತು. ಈ ವಿಷಯ ಜೂನ್‌ನಲ್ಲಿ ಹೊರಬಿದ್ದಿದ್ದರೆ ಎರಡು ತಿಂಗಳ ಲ್ಯಾಬ್ ಕೆಲಸ ನೀರಿಗೆ ಹೋಗುತ್ತಿತ್ತು.

ಈ ರಿವ್ಯೂ ಫೇಲಾದರೆ ಲೆಕ್ಕ ಶುರು ಮಾಡೋದನ್ನು ಒಂದು ವಾರ ಮಾತ್ರ ಮುಂದಕ್ಕೆ ಹಾಕಬಹುದು, ಜೂನ್ 12 ಮಾತ್ರ ಕದಲಬಾರದು ಅಂತ ಬರೆದಿದ್ದೆವು. ಹಾಗಾಗಿ ಏಪ್ರಿಲ್ 15ರ ಬದಲು 22ರಿಂದ ಎಣಿಕೆ. ಎಂಟು ವಾರ ಏಳಾಯಿತು. ಎಂಟು ಕೇಂದ್ರ, 49 ದಿನ, ದಿನಕ್ಕೆ ಎರಡು ಹೊತ್ತು: 784 ಹೊತ್ತು. ಸಾಕಾಗುವಷ್ಟಿತ್ತು.

ಮೇ 9ರದ್ದು ನನಗೆ ಕಷ್ಟದ ದಿನ. ಏಪ್ರಿಲ್ 22ರಿಂದ ಮೇ 5ರವರೆಗೆ ಪೆಟ್ಟಿಗೆಗಳು 61 ಸಲ ಫೋನ್ ಮಾಡಿದ್ದವು. ಇಪ್ಪತ್ತು ನಿಮಿಷದೊಳಗೆ ಜನರೇಟರ್ ಶುರುವಾದದ್ದೋ, ಕಂಪ್ರೆಸರ್ ಮತ್ತೆ ನಡೆದದ್ದೋ 27 ಸಲ. ನೂರಕ್ಕೆ 44. ಹಾಳೆಯಲ್ಲಿ ಬರೆದಿದ್ದದ್ದು: 70 ದಾಟಿದರೆ ಹೀಗೇ ಮುಂದುವರಿಯೋದು, 50ಕ್ಕಿಂತ ಕಡಿಮೆಯಾದರೆ ಜೂನ್‌ವರೆಗೆ ಕಾಯದೆ ಅವತ್ತೇ ಏನಾದರೂ ಬದಲಾಯಿಸೋದು ಅಥವಾ ನಿಲ್ಲಿಸೋದು.

ಆ ಸಾಲು ಇಲ್ಲದಿದ್ದರೆ "ಇನ್ನೂ ಹೊಸದು, ಅಭ್ಯಾಸ ಆಗುತ್ತೆ" ಅಂತ ನಾವೆಲ್ಲಾ ಎದ್ದು ಹೋಗಿರುತ್ತಿದ್ದೆವು. ಸಾಲು ಇದ್ದದ್ದಕ್ಕೆ 34 ತಪ್ಪಿದ ಫೋನ್‌ಗಳನ್ನು ಒಂದೊಂದಾಗಿ ನೋಡಿದೆವು. 22 ಫೋನ್ ರಾತ್ರಿ 9ರಿಂದ ಬೆಳಗಿನ 5ರ ನಡುವೆ ಬಂದವು. ಕೇಂದ್ರದವರು ಎಂಟೂವರೆಗೆ ಬಾಗಿಲು ಹಾಕಿ ಮನೆಗೆ ಹೋಗ್ತಾರೆ. ಒಬ್ಬರಿಗೆ ಫೋನ್ ಮಾಡಿ ಕೇಳಿದೆ. "ಅಣ್ಣ, ಫೋನ್ ಬಂದಿತ್ತಾ?" "ಬಂದಿತ್ತು ಸಾರ್. ನಮ್ಮನೆ ಇರೋದು ಎರಡು ಕಿಲೋಮೀಟರ್ ಆಚೆ. ಡೀಸೆಲ್ ರೂಮಿನ ಬೀಗ ಇನ್ನೊಬ್ಬರ ಹತ್ರ. ಅವರನ್ನ ಎಬ್ಬಿಸೋ ಹೊತ್ತಿಗೆ ಕರೆಂಟೇ ಬಂತು."

ಅವರ ಮಾತಲ್ಲೇ ಎರಡು ವಿಷಯ ಇತ್ತು. ಒಂದು, ಬೀಗ ಮತ್ತು ಫೋನ್ ಒಂದೇ ಕೈಯಲ್ಲಿರಬೇಕು. ಎರಡು, ಆ ಫೋನೇ ಬೇಕಾಗಿರಲಿಲ್ಲ. ಪೂರ್ತಿ ತಣ್ಣಗಾದ ಟ್ಯಾಂಕಲ್ಲಿ ಅರ್ಧ ಗಂಟೆ ಕರೆಂಟ್ ಹೋದರೆ ತಾಪ ಅಷ್ಟಾಗಿ ಏರಲ್ಲ, ಟ್ಯಾಂಕಿನ ಗೋಡೆ ತಂಪು ಹಿಡಿದಿಡುತ್ತೆ. ಬೆಚ್ಚಗಿನ ಹಾಲು ಆಗಷ್ಟೇ ಸುರಿದಾಗ ಕರೆಂಟ್ ಹೋದರೆ ಅದು ಆಪತ್ತು. ನಮ್ಮ ಪೆಟ್ಟಿಗೆ ಎರಡಕ್ಕೂ ಒಂದೇ ಥರ ಕೂಗುತ್ತಿತ್ತು. ಸುಮ್ನೆ ಕೂಗಿದ ಫೋನನ್ನು ಎರಡು ಸಲ ನೋಡಿದವರು ಮೂರನೇ ಸಲ ಎತ್ತಲ್ಲ.

ಕೇಂದ್ರದ ಪಕ್ಕದಲ್ಲೇ ಇರುವವರ ನಂಬರ್ ಮೊದಲಿಗೆ ಹಾಕಿದೆವು, ಬೀಗದ ಕೈ ಅವರಿಗೇ ಕೊಡಿಸಿದೆವು. ತಣ್ಣಗಾದ ಟ್ಯಾಂಕ್ ಮತ್ತೆ 7 ಡಿಗ್ರಿಗೆ ಏರಿದರೆ, ಅಥವಾ ತಣ್ಣಗಾಗಬೇಕಾದ ಹಾಲಿನ ತಾಪ ಇಳಿಯೋದು ನಿಂತರೆ ಮಾತ್ರ ಫೋನ್ ಅಂತ ಬದಲಾಯಿಸಿದೆವು. ಆಗ ಮೇಡಂ ಕೇಳಿದ ಪ್ರಶ್ನೆ ಈಗಲೂ ನೆನಪಿದೆ. "ಫೋನ್ ಕಮ್ಮಿ ಮಾಡಿದ್ರೆ ನಿಮ್ಮ ಶೇಕಡಾ ತಾನಾಗೇ ಏರುತ್ತಲ್ವಾ? ಅದು ಸುಧಾರಣೆ ಹೇಗಾಗುತ್ತೆ?" ನಿಜ. ಪೆಟ್ಟಿಗೆ ಬದಲಾಯಿಸಬಹುದು, ಅಳೆಯುವ ಕೋಲು ಬದಲಾಯಿಸಬಾರದು. ಇಲ್ಲಿ ಪೆಟ್ಟಿಗೆ ಬದಲಾಯಿಸೋಕೆ ಹೋಗಿ ಕೋಲೂ ಸ್ವಲ್ಪ ಕದಲುತ್ತಿತ್ತು. ಹಾಗಾಗಿ ವರದಿಯಲ್ಲಿ ಹಳೇ ನಿಯಮದ ಲೆಕ್ಕ, ಹೊಸ ನಿಯಮದ ಲೆಕ್ಕ ಎರಡನ್ನೂ ಪಕ್ಕಪಕ್ಕದಲ್ಲಿ ಕೊಡುವುದು ಅಂತ ಬರೆದೆವು. ಜೂನ್ 12ರ ಅಂಕಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಫೋನ್ ಎಷ್ಟು ಬಂತು ಅಂತ ಕೇಳಲ್ಲ, ಹಾಲು ತಣ್ಣಗಾಯಿತಾ ಅಂತ ಕೇಳುತ್ತೆ.

ಜೂನ್ 12. ಯಜಮಾನರು ಹನ್ನೊಂದಕ್ಕೆ ಸರಿಯಾಗಿ ಬಂದು ಕೂತರು. ವರದಿ ಎರಡು ದಿನ ಮೊದಲೇ ಓದಿದ್ದರು, ಅಂಚಲ್ಲಿ ಪೆನ್ಸಿಲ್ ಗುರುತು ಇತ್ತು. 784 ಹೊತ್ತಲ್ಲಿ ಬಿಡಬೇಕಾದ 31 ಕಳೆದು 753. ಪಾಸಾದದ್ದು 670. ನೂರಕ್ಕೆ 89. ಹೋಲಿಕೆಯ ಕೇಂದ್ರಗಳಲ್ಲಿ 380ಕ್ಕೆ 281, ನೂರಕ್ಕೆ 74. ವ್ಯತ್ಯಾಸ 15 ಅಂಕ, ಬೇಕಾದದ್ದು 10. ಆದರೆ ಮೊದಲ ಗೆರೆ 90. ನಾವು 89.

"ಒಂದು ಪರ್ಸೆಂಟಿಗೆ ಏನಪ್ಪಾ, ಬಿಡಿ," ಅಂದರು ಯಜಮಾನರು.

ನನ್ನ ಪಾಲುದಾರ ನನ್ನ ಮುಖ ನೋಡಿದ. ಹೂಂ ಅಂದಿದ್ದರೆ ಅವತ್ತೇ ಮುಗಿದಿರುತ್ತಿತ್ತು. ಆದರೆ ವರದಿಯಲ್ಲಿ ಇನ್ನೊಂದು ಸಾಲಿತ್ತು. ಏಳು ಕೇಂದ್ರಗಳಲ್ಲಿ 686ಕ್ಕೆ 632 ಪಾಸ್, ನೂರಕ್ಕೆ 92. ಎಂಟನೇ ಕೇಂದ್ರದಲ್ಲಿ 67ಕ್ಕೆ 38 ಮಾತ್ರ. ಬಿಟ್ಟ 31 ಹೊತ್ತೂ ಅದರದ್ದೇ. ಅಲ್ಲಿನ ಕಂಪ್ರೆಸರ್ ಹಳೇದು, ಒಮ್ಮೆ ಪೂರ್ತಿ ನಿಂತು ರಿಪೇರಿಯಾಗಿತ್ತು, ಆಮೇಲೂ ತಂಪು ಸರಿಯಾಗಿ ಹುಟ್ಟುತ್ತಿರಲಿಲ್ಲ. ಪೆಟ್ಟಿಗೆ ಪ್ರತಿ ಸಲ ಕೂಗಿತ್ತು. ಜನ ಪ್ರತಿ ಸಲ ಓಡಿದ್ದರು. ಆದರೂ ಹಾಲು ತಣ್ಣಗಾಗಲಿಲ್ಲ.

ಆ ಒಂದನ್ನು ಬಿಟ್ಟು 92 ಅಂತ ಹೇಳಬಹುದಿತ್ತು. ಹೇಳಲಿಲ್ಲ. ಫಲಿತಾಂಶ ನೋಡಿದ ಮೇಲೆ ಕೇಂದ್ರ ಬಿಡೋದು ಹಾಳೆಯಲ್ಲಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಉಳಿದ 32 ಕೇಂದ್ರಗಳಲ್ಲಿ ಅಂಥ ಹಳೇ ಕಂಪ್ರೆಸರ್ ಎಷ್ಟಿವೆ ಅಂತ ಮೇಜಿನ ಸುತ್ತ ಇದ್ದ ಯಾರಿಗೂ ಗೊತ್ತಿರಲಿಲ್ಲ. "ಸರ್, 40ಕ್ಕೂ ಹಾಕಿದ ಮೇಲೆ ಹತ್ತು ಊರಲ್ಲಿ ಹೀಗೇ ಆದ್ರೆ ಬೈಗುಳ ನಮ್ಮ ಪೆಟ್ಟಿಗೆಗೆ ಬರುತ್ತೆ. ಹಾಳೆಯಲ್ಲಿ ಇರೋ ಹಾಗೇ ಹೋಗೋಣ," ಅಂದೆ.

ಅವತ್ತೇ ಬರೆದೆವು. ಜೂನ್ 13ರಿಂದ ಜುಲೈ 10ರವರೆಗೆ ನಾಲ್ಕು ವಾರ. ಬದಲಾಗುವುದು ಒಂದೇ: ಎಂಟನೇ ಕೇಂದ್ರದ ಕಂಪ್ರೆಸರ್‌ಗೆ ಗ್ಯಾಸ್ ತುಂಬಿ, ಕಂಡೆನ್ಸರ್‌ನ ಧೂಳು ತೊಳೆದು ಸರ್ವಿಸ್ ಮಾಡಿಸೋದು. ಖರ್ಚು ಡೇರಿಯದು. ಅದರ ಜೊತೆಗೆ ಮ್ಯಾನೇಜರ್ ಉಳಿದ 32 ಕಡೆ ಮೆಕ್ಯಾನಿಕ್ ಕಳಿಸಿ, ಯಾವ ಕಂಪ್ರೆಸರ್ ಯಾವ ಸ್ಥಿತಿಯಲ್ಲಿದೆ ಅಂತ ಪಟ್ಟಿ ಮಾಡಿಸಬೇಕು. ಗೆರೆಗಳು ಅವೇ, 90 ಮತ್ತು 10.

ಮಳೆ ಶುರುವಾಗಿತ್ತು. ಹೋಲಿಕೆಯ ಕೇಂದ್ರಗಳು ತಾವಾಗೇ 81ಕ್ಕೆ ಏರಿದವು. ಅವು ಇಲ್ಲದಿದ್ದರೆ ಆ ಏರಿಕೆಯನ್ನೂ ನಾವು ನಮ್ಮದೇ ಅಂದುಕೊಳ್ಳುತ್ತಿದ್ದೆವು. ನಮ್ಮ ಎಂಟು 93 ತಲುಪಿದವು. ವ್ಯತ್ಯಾಸ 15ರಿಂದ 12ಕ್ಕೆ ಇಳಿದಿತ್ತು, ಆದರೂ ಗೆರೆಯ ಮೇಲಿತ್ತು. ಸರ್ವಿಸ್ ಆದ ಎಂಟನೇ ಕೇಂದ್ರ ಉಳಿದವುಗಳ ಜೊತೆ ಸೇರಿಕೊಂಡಿತ್ತು. ಮೆಕ್ಯಾನಿಕ್ ಪಟ್ಟಿಯಲ್ಲಿ 32ರಲ್ಲಿ 11 ಕಂಪ್ರೆಸರ್‌ಗಳಿಗೆ ಸರ್ವಿಸ್ ಬೇಕಿತ್ತು.

ಜುಲೈ 20ರ ಸಭೆಯಲ್ಲಿ 21 ಕೇಂದ್ರಗಳಿಗೆ ಆರ್ಡರ್ ಆಯಿತು. ಉಳಿದ 11ಕ್ಕೆ, ಕಂಪ್ರೆಸರ್ ಸರ್ವಿಸ್ ಆದ ಚೀಟಿ ಬಂದ ಮೇಲೆ ಒಂದೊಂದಾಗಿ. ಮ್ಯಾನೇಜರ್ ಆ ಚೀಟಿಗಳ ದಿನಾಂಕ ಹಾಕಿಕೊಳ್ಳೋಕೆ ಅದೇ ಕ್ಯಾಲೆಂಡರ್ ತೆಗೆದರು. 1 ಮತ್ತು 16ರ ಕೆಂಪು ಸುತ್ತು ತಪ್ಪಿಸಿ, ಮೊದಲನೇದನ್ನು ಆಗಸ್ಟ್ 6ಕ್ಕೆ ಬರೆದುಕೊಂಡರು.